ಹತ್ತರ ತಲೆಯ ಮೇಲಿನ ಗೀಟು

ಹತ್ತರ ತಲೆಯ ಮೇಲೆ ಒಂದು ಎಂಟು, ಆ ಎಂಟರ ಎಡಕ್ಕೆ ಒಂದು ಸಣ್ಣ ಗೀಟು. ಪಿಯುಸಿ ಭೌತವಿಜ್ಞಾನ ಓದಿದವರಿಗೆ ನೆನಪಿರಬಹುದು, ಬಿಸಿವಸ್ತುವಿನಿಂದ ಹೊಮ್ಮುವ ವಿಕಿರಣದ ಲೆಕ್ಕದಲ್ಲಿ ಬರುವ ಸ್ಟೆಫಾನ್-ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು ಹೀಗೆ ಬರೆಯುತ್ತಾರೆ:

σ = 5.67 × 10⁻⁸ W m⁻² K⁻⁴

ಮೇಷ್ಟ್ರು ಇದನ್ನು ‘ಟೆನ್ ಟು ದ ಪವರ್ ಮೈನಸ್ ಎಯ್ಟ್’ ಎಂದು ಒತ್ತಿ ಹೇಳುತ್ತಾರೆ. ಕಿವಿಗೆ ಮೈನಸ್ ತಪ್ಪುವುದಿಲ್ಲ. ಆದರೆ ಇದೇ ಪುಟದ ಫೋಟೋ ಮೊಬೈಲಿನಿಂದ ಮೊಬೈಲಿಗೆ ಎರಡು ಮೂರು ಸಲ ದಾಟಿ ಬರುವಾಗ ಮೊದಲು ಮಾಯವಾಗುವುದು ಆ ಗೀಟೇ. ಗೀಟು ಹೋದರೆ ಬೆಲೆ ಹತ್ತುಪಟ್ಟೋ ನೂರುಪಟ್ಟೋ ಬದಲಾಗುವುದಲ್ಲ, ಒಂದರ ಮುಂದೆ ಹದಿನಾರು ಸೊನ್ನೆ ಬರೆದಷ್ಟು ಪಟ್ಟು ಏರಿಬಿಡುತ್ತದೆ. ಪುಟದ ಮೇಲಿನ ಅತಿ ಸಣ್ಣ ಗುರುತಿನ ಮೇಲೆ ಅತಿ ದೊಡ್ಡ ಹೊರೆ ಹೊರಿಸುವುದು ಗಣಿತ ಬರವಣಿಗೆಯ ಹಳೆಯ ಚಾಳಿ.

ಎಷ್ಟು ಸಣ್ಣದು ಎಂದು ಅಳೆದೇ ನೋಡೋಣ. ಗಣಿತದ ಪುಸ್ತಕಗಳನ್ನು ಹೆಚ್ಚಾಗಿ ಜೋಡಿಸುವುದು ಡೊನಾಲ್ಡ್ ಕ್ನೂತ್ ರೂಪಿಸಿದ ಟೆಕ್ ಎಂಬ ವ್ಯವಸ್ಥೆಯಲ್ಲಿ, ಇಲ್ಲವೇ ಅದರ ಅಳತೆಗಳನ್ನು ಹೋಲುವ ಇನ್ನೊಂದರಲ್ಲಿ. ಅಲ್ಲಿ ಸಾಲಿನ ಅಕ್ಷರ 10 ಪಾಯಿಂಟ್ ಇದ್ದರೆ ಘಾತಾಂಕ 7 ಪಾಯಿಂಟ್, ಘಾತಾಂಕಕ್ಕೂ ಇನ್ನೊಂದು ಘಾತಾಂಕವಿದ್ದರೆ ಅದು 5 ಪಾಯಿಂಟ್. ಕಾಗದದ ಮೇಲೆ ಸಾಲಿನ ಅಂಕಿ ಎರಡೂಕಾಲು ಮಿಲಿಮೀಟರ್ ಎತ್ತರ ನಿಂತರೆ ಘಾತಾಂಕದ ಅಂಕಿ ಸುಮಾರು ಒಂದೂವರೆ ಮಿಲಿಮೀಟರ್. ಮೈನಸ್ ಗೀಟಿನ ದಪ್ಪವಂತೂ ಮಿಲಿಮೀಟರಿನ ಹತ್ತನೇ ಒಂದು ಪಾಲಿನ ಆಸುಪಾಸು.

12 ಮೆಗಾಪಿಕ್ಸೆಲ್ ಕ್ಯಾಮೆರಾ ಇಡೀ ಎ4 ಹಾಳೆಯನ್ನು ಚೌಕಟ್ಟು ತುಂಬ ಹಿಡಿದರೆ ಉದ್ದಕ್ಕೆ ಸುಮಾರು 4000 ಚುಕ್ಕಿಗಳು ಸಿಗುತ್ತವೆ, ಅಂದರೆ ಒಂದು ಮಿಲಿಮೀಟರಿಗೆ ಹದಿಮೂರು. ಘಾತಾಂಕದ ಅಂಕಿಗೆ ಇಪ್ಪತ್ತು ಚುಕ್ಕಿ ಎತ್ತರ ದಕ್ಕುತ್ತದೆ, ಆರಾಮವಾಗಿ ಓದಬಹುದು. ಎಡವಟ್ಟಾಗುವುದು ಕಳಿಸುವಾಗ. ಫೋಟೋ ಹಗುರಾಗಲೆಂದು ಅದರ ಉದ್ದ 1600 ಚುಕ್ಕಿಗೆ ಇಳಿಯಿತು ಅಂದುಕೊಳ್ಳಿ. ಆಗ ಮಿಲಿಮೀಟರಿಗೆ ಐದು ಚುಕ್ಕಿ ಉಳಿಯಿತು. ಘಾತಾಂಕದ ಎಂಟು ಈಗ ಎಂಟೇ ಚುಕ್ಕಿ ಎತ್ತರ, ಮೈನಸ್ ಗೀಟು ಅರ್ಧ ಚುಕ್ಕಿ ದಪ್ಪ. ಅರ್ಧ ಚುಕ್ಕಿ ಎಂಬುದೊಂದು ಚಿತ್ರದಲ್ಲಿ ಇರುವುದಿಲ್ಲ. ಕಪ್ಪು ಗೀಟು ಬಿಳಿಯ ಜೊತೆ ಬೆರೆತು ಒಂದು ಚುಕ್ಕಿ ದಪ್ಪದ ಬೂದು ಗೆರೆಯಾಗುತ್ತದೆ. ಇದರ ಮೇಲೆ ಯಾರಾದರೂ ‘ಸ್ಕ್ಯಾನ್’ ಮಾಡುವ ಆ್ಯಪಿನಲ್ಲಿ ಕಪ್ಪು-ಬಿಳುಪು ಫಿಲ್ಟರ್ ಹಾಕಿದರೆಂದರೆ ಮುಗಿಯಿತು. ಒಂದು ಮಟ್ಟಕ್ಕಿಂತ ತಿಳಿಯಾದದ್ದನ್ನೆಲ್ಲ ಅಚ್ಚ ಬಿಳಿ ಮಾಡುವುದೇ ಆ ಫಿಲ್ಟರಿನ ಕೆಲಸ. ಪುಟ ತೊಳೆದಿಟ್ಟಂತೆ ಕಾಣುತ್ತದೆ, ಗೀಟೂ ತೊಳೆದುಹೋಗಿರುತ್ತದೆ.

ಜೆಪೆಗ್ ಕಡತದ್ದು ಇನ್ನೊಂದು ಪಾಲು. ಅದು ಚಿತ್ರವನ್ನು ಎಂಟು ಚುಕ್ಕಿ ಉದ್ದ, ಎಂಟು ಚುಕ್ಕಿ ಅಗಲದ ಚೌಕಗಳಾಗಿ ಒಡೆದು, ಪ್ರತಿ ಚೌಕದೊಳಗಿನ ನವುರು ಏರಿಳಿತಗಳನ್ನು ಕೈಬಿಟ್ಟು ಜಾಗ ಉಳಿಸುತ್ತದೆ. ಮುಖ, ಆಕಾಶ, ಹೊಲಗಳ ಚಿತ್ರಕ್ಕೆ ಇದರಿಂದ ಬಾಧೆಯಿಲ್ಲ. ಆದರೆ ನಮ್ಮ ಘಾತಾಂಕದ ಅಂಕಿ ಹೆಚ್ಚುಕಡಿಮೆ ಒಂದು ಚೌಕದಷ್ಟೇ ಚಿಕ್ಕದು, ಅದನ್ನು ಗುರುತಿಸಬೇಕಾದ ವಿವರವೆಲ್ಲ ನವುರು ಏರಿಳಿತವೇ. 3ರ ಎಡಬಾಯಿ ಮುಚ್ಚಿ 8 ಆಗುವುದು, 6ರ ಕೊಕ್ಕೆ ಬಳಿದು 8 ಆಗುವುದು, 5 ಮತ್ತು s ಅದಲುಬದಲಾಗುವುದು, i ತನ್ನ ಚುಕ್ಕೆ ಕಳೆದುಕೊಂಡು 1 ಆಗುವುದು, ಎಲ್ಲವೂ ಇಲ್ಲಿ ನಡೆಯುತ್ತವೆ.

ಇಷ್ಟೂ ಆಕಾರದ ಮಾತಾಯಿತು. ಸ್ಥಾನದ್ದು ಬೇರೆಯೇ ತೊಡಕು. ಘಾತಾಂಕವನ್ನು ಘಾತಾಂಕ ಮಾಡುವುದು ಅದರ ಆಕಾರವಲ್ಲ, ಅದು ಕುಳಿತ ಎತ್ತರ. ಆ ಎತ್ತರವೂ ಸಾಲಿನ ಗೆರೆಯಿಂದ ಹೆಚ್ಚೆಂದರೆ ಒಂದೂವರೆ ಮಿಲಿಮೀಟರ್. ಫೋನನ್ನು ಐದು ಡಿಗ್ರಿ ಓರೆ ಹಿಡಿದರೆ ಸಾಲು ಪ್ರತಿ ಸೆಂಟಿಮೀಟರಿಗೆ ಸುಮಾರು 0.9 ಮಿಲಿಮೀಟರ್ ಏರುತ್ತದೆ ಅಥವಾ ಇಳಿಯುತ್ತದೆ. ಎರಡು ಸೆಂಟಿಮೀಟರ್ ಆಚೆಗಿನ ಅಕ್ಷರವನ್ನು ಆಧಾರವಾಗಿ ಇಟ್ಟುಕೊಂಡು ‘ಇದು ಮೇಲಿದೆಯೋ ಸಾಲಿನಲ್ಲಿದೆಯೋ’ ಎಂದು ಅಳೆದರೆ ತಪ್ಪುವುದು ಖಚಿತ. ಪುಸ್ತಕದ ಬೆನ್ನಿನ ಹತ್ತಿರ ಹಾಳೆ ಬಾಗುವಲ್ಲಿ, ಕರಿಹಲಗೆಯ ಮೇಲೆ ಬರೆಯುತ್ತ ಬರೆಯುತ್ತ ಸಾಲು ಬಲಕ್ಕೆ ಹತ್ತುವಲ್ಲಿ ಇದು ಇನ್ನೂ ಹೆಚ್ಚು.

ಕೈಬರಹದಲ್ಲಿ p ಅಕ್ಷರ ಇದಕ್ಕೆ ಹೇಳಿ ಮಾಡಿಸಿದ ನಿದರ್ಶನ. ಸಣ್ಣ p ಮತ್ತು ದೊಡ್ಡ P ಎರಡರದೂ ಒಂದು ಕಡ್ಡಿ, ಒಂದು ಹೊಟ್ಟೆ. ಸಣ್ಣದರ ಬಾಲ ಸಾಲಿನ ಕೆಳಗೆ ಇಳಿಯುತ್ತದೆ, ದೊಡ್ಡದರ ಕಡ್ಡಿ ಸಾಲಿನ ಮೇಲೆ ನಿಲ್ಲುತ್ತದೆ, ಅಷ್ಟೇ ವ್ಯತ್ಯಾಸ. ಸಾಲೇ ಕಾಣದಂತೆ ಕತ್ತರಿಸಿದ ಫೋಟೋದಲ್ಲಿ ಅದರ ಬಲಕ್ಕೆ ನಡುಮಟ್ಟದಲ್ಲಿ 2 ಇದ್ದರೆ ಅದು p²ವೂ ಆಗಬಹುದು, P₂ವೂ ಆಗಬಹುದು. ಒಂದು ಸಂವೇಗದ ವರ್ಗ, ಇನ್ನೊಂದು ಎರಡನೆಯ ಸ್ಥಿತಿಯ ಒತ್ತಡ. ಕಣ್ಣು ಎಷ್ಟು ಕಿರಿದು ಮಾಡಿಕೊಂಡು ನೋಡಿದರೂ ಉತ್ತರ ಸಿಗುವುದಿಲ್ಲ. ಸ್ವಲ್ಪ ಆಚೆ ನೋಡಿದರೆ ಥಟ್ಟನೆ ಸಿಗುತ್ತದೆ: ಕೆಳಗೆ 2m ಇದ್ದರೆ ಅದು ಚಲನಶಕ್ತಿ p²/2m, ಪಕ್ಕದಲ್ಲಿ V₂ ಇದ್ದರೆ ಅದು ಅನಿಲದ ಲೆಕ್ಕದ P₂V₂.

ಕನ್ನಡ ಓದುವವರಿಗೆ ಈ ಕಸರತ್ತು ಹೊಸದೇನಲ್ಲ. ನಮ್ಮ ಒತ್ತಕ್ಷರಗಳೂ ಸಾಲಿನ ಕೆಳಗೆ ಸಣ್ಣದಾಗಿ ಕುಳಿತು ಅರ್ಥ ಬದಲಿಸುವಂಥವೇ. ಮಾಸಿದ ಪುಟದಲ್ಲಿ ‘ಹಳ್ಳಿ’ಯ ಒತ್ತು ಅಳಿಸಿದ್ದರೂ ‘ನಮ್ಮ ಹಳಿಯ ಕೆರೆ’ ಎಂದು ಯಾರೂ ಓದುವುದಿಲ್ಲ, ವಾಕ್ಯ ತಾನಾಗಿ ತಿದ್ದುತ್ತದೆ. ಆದರೆ ಭಾಷೆಯಲ್ಲಿ ತಪ್ಪು ಒತ್ತು ಬಿದ್ದರೆ ಎಷ್ಟೋ ಸಲ ಆ ಪದವೇ ಇರುವುದಿಲ್ಲ. ಸಮೀಕರಣದಲ್ಲಿ ಹಾಗಲ್ಲ. x² ಸರಿಯಾದ ಬರಹ, x³ ಕೂಡ ಸರಿಯಾದ ಬರಹ, x₂ ಕೂಡ. ಒಂಟಿ ಚಿಹ್ನೆ ನೋಡಿ ತಪ್ಪು ಹಿಡಿಯಲಾಗುವುದಿಲ್ಲ, ಸುತ್ತಲಿನವನ್ನು ವಿಚಾರಿಸಲೇಬೇಕು. ವಿಚಾರಿಸುವ ಬಗೆಯೂ ಎರಡು. ಘಾತಾಂಕ ಒಂದು ಕೆಲಸ ಮಾಡುತ್ತದೆ, ಇಷ್ಟು ಸಲ ಗುಣಿಸು ಎನ್ನುತ್ತದೆ. ಅದನ್ನು ಲೆಕ್ಕದಿಂದ ಪರೀಕ್ಷಿಸಬಹುದು. ಕೆಳಗಿನ ಚಿಹ್ನೆ, ತರಗತಿಯಲ್ಲಿ ಸಫಿಕ್ಸ್ ಎನ್ನುವುದು, ಬರೀ ಹೆಸರು. ಯಾವ ಲೆಕ್ಕವೂ ಹೆಸರನ್ನು ಪರೀಕ್ಷಿಸಲಾರದು, ಅದು ಬೇರೆ ಎಲ್ಲಿ ಬಳಕೆಯಾಗಿದೆ ಎಂದು ಹುಡುಕಬೇಕು.

ಒಂದು ಪುಟ ತೆಗೆದುಕೊಂಡು ಇದನ್ನು ಮಾಡಿಯೇ ನೋಡೋಣ. ಕಪ್ಪು ಬಳಿದ ಕಬ್ಬಿಣದ ತಟ್ಟೆ, ವಿಸ್ತೀರ್ಣ 0.02 ಚದರ ಮೀಟರ್, ತಾಪ 600 ಕೆಲ್ವಿನ್. ಸುತ್ತಲಿನ ತಾಪ 300 ಕೆಲ್ವಿನ್. ತಟ್ಟೆ ಸೆಕೆಂಡಿಗೆ ಎಷ್ಟು ಶಕ್ತಿ ಕಳೆದುಕೊಳ್ಳುತ್ತದೆ? ಬಿಡಿಸಿದ ಲೆಕ್ಕದ ಫೋಟೋ ಬಂದಿದೆ. ಸಾಲಿನ ದೊಡ್ಡ ಅಕ್ಷರಗಳೆಲ್ಲ ಸ್ಪಷ್ಟ, ತಲೆಯ ಮೇಲಿನವೂ ಅಡಿಯವೂ ಕಲೆಗಳಂತೆ ಕಾಣುತ್ತವೆ. ಕಲೆ ಇರುವಲ್ಲಿ ಪ್ರಶ್ನೆ ಚಿಹ್ನೆ ಹಾಕಿದರೆ ಪುಟ ಹೀಗಿದೆ:

```
P = σA(T^? − T_?^?)
σ = 5.67 × 10^? W m^? K^?
P = 5.67 × 10^? × 0.02 × (1296 × 10^? − 81 × 10^?)
P = 138 W
```

ಮೊದಲು T ತಲೆಯ ಮೇಲಿನದು. ಅದು 4ರಂತೆಯೂ 9ರಂತೆಯೂ 2ರಂತೆಯೂ ಇದೆ. ಮೂರನೆಯ ಸಾಲಿನಲ್ಲಿ ದಪ್ಪಗೆ ಕಾಣುವ 1296 ಮತ್ತು 81 ಇಲ್ಲಿ ಸಾಕ್ಷಿ ಹೇಳುತ್ತವೆ. 600ರಲ್ಲಿ ಆರು ಇದೆ, 300ರಲ್ಲಿ ಮೂರು. ವರ್ಗವಾಗಿದ್ದರೆ 36 ಮತ್ತು 9 ಬರಬೇಕಿತ್ತು, ಘನವಾಗಿದ್ದರೆ 216 ಮತ್ತು 27. ಆರನ್ನು ನಾಲ್ಕು ಸಲ ಗುಣಿಸಿದರೆ 1296, ಮೂರನ್ನು ನಾಲ್ಕು ಸಲ ಗುಣಿಸಿದರೆ 81. ಅಲ್ಲಿಗೆ ಎರಡೂ ಘಾತಾಂಕ 4 ಎಂದು ತೀರ್ಮಾನವಾಯಿತು, ಕಲೆಯನ್ನು ನೋಡದೆಯೇ.

ಇದೇ ಎಳೆ ಹಿಡಿದು ಮುಂದೆ ಹೋದರೆ 1296ರ ಪಕ್ಕದ ಹತ್ತರ ಘಾತ ಸಿಗುತ್ತದೆ. 600 ಎಂದರೆ ಆರು ಗುಣಿಸು ನೂರು. ನೂರನ್ನು ನಾಲ್ಕು ಸಲ ಗುಣಿಸಿದರೆ ಎಂಟು ಸೊನ್ನೆ. ಆದ್ದರಿಂದ ಆವರಣದೊಳಗೆ ಎರಡು ಕಡೆಯೂ 10⁸.

ಈಗ σದ ಹತ್ತರ ಘಾತ, ನಮ್ಮ ಕಾಣೆಯಾದ ಗೀಟು. 1296ರಿಂದ 81 ಕಳೆದರೆ 1215. ಅದನ್ನು 5.67ರಿಂದಲೂ 0.02ರಿಂದಲೂ ಗುಣಿಸಿದರೆ 137.78. ಕೊನೆಯ ಸಾಲಿನಲ್ಲಿ 138 ಎಂದಿದೆ. ಅಂದರೆ ಹತ್ತರ ಘಾತಗಳೆರಡೂ ಒಂದನ್ನೊಂದು ಹೊಡೆದುಹಾಕಿವೆ, ಏನೂ ಉಳಿದಿಲ್ಲ. ಒಂದು 10⁸ ಆಗಿದ್ದರೆ ಇನ್ನೊಂದು 10⁻⁸ ಆಗಲೇಬೇಕು. ಗೀಟು ಇತ್ತು, ಎಂಟೂ ಎಂಟೇ. ಅದನ್ನು ಆರು ಎಂದು ಓದಿದ್ದರೆ ಉತ್ತರ 13,778 ವಾಟ್ ಆಗುತ್ತಿತ್ತು. ಮನೆಯ ಗೀಸರ್ ಎಳೆಯುವುದೇ ಎರಡು ಮೂರು ಸಾವಿರ ವಾಟ್ ಇರುವಾಗ, ಅಂಗೈಗಿಂತ ಸ್ವಲ್ಪ ದೊಡ್ಡ ತಟ್ಟೆಯೊಂದು ಅಷ್ಟನ್ನು ಸೂಸುವುದಿಲ್ಲ.

ಉಳಿದದ್ದು m ಮತ್ತು K ಮೇಲಿನ ಘಾತಗಳು. ಇವನ್ನು ಸಂಖ್ಯೆಗಳು ಹೇಳಲಾರವು, ಏಕಮಾನಗಳು ಹೇಳುತ್ತವೆ. ಎಡಗಡೆ ಉತ್ತರ ಬರೀ ವಾಟ್. ಬಲಗಡೆ σದ ಜೊತೆ ವಿಸ್ತೀರ್ಣದ ಚದರ ಮೀಟರ್ ಇದೆ, ತಾಪದ ನಾಲ್ಕನೆಯ ಘಾತವಿದೆ. ವಾಟ್ ಒಂದೇ ಉಳಿಯಬೇಕಾದರೆ σದೊಳಗೆ m⁻² ಮತ್ತು K⁻⁴ ಇರಲೇಬೇಕು. ಗಮನಿಸಿ, ಏಕಮಾನದ ಪರೀಕ್ಷೆ ಹತ್ತರ ಘಾತದ ಬಗ್ಗೆ ತುಟಿ ಬಿಚ್ಚುವುದಿಲ್ಲ. 10⁻⁸ ಬದಲು 10⁸ ಇಟ್ಟರೂ ಏಕಮಾನ ಸರಿಯಾಗಿಯೇ ತೂಗುತ್ತದೆ. ಅಕ್ಷರದ ಮೇಲಿನ ಘಾತಾಂಕಕ್ಕೆ ಏಕಮಾನ, ಹತ್ತರ ಮೇಲಿನದಕ್ಕೆ ಸಂಖ್ಯೆಯ ಗಾತ್ರ. ಒಂದರ ಕೆಲಸಕ್ಕೆ ಇನ್ನೊಂದನ್ನು ಕರೆದರೆ ಸುಳ್ಳು ಧೈರ್ಯ ಬರುತ್ತದೆ, ಅಷ್ಟೆ.

ಕೊನೆಗೆ ಎರಡನೆಯ T ಅಡಿಯ ಕಲೆ. ಇದು s ಇರಬಹುದು, 5 ಇರಬಹುದು, 0 ಕೂಡ ಇರಬಹುದು. ತಲೆಯ ಮೇಲಿನ 4 ಇದಕ್ಕೆ ನೇರ ಮೇಲೆಯೇ ಇರುವುದರಿಂದ ಎರಡೂ ಮಸುಕಿನಲ್ಲಿ ಅಂಟಿಕೊಂಡು ಇನ್ನಷ್ಟು ಗೊಂದಲ. ಲೆಕ್ಕವನ್ನು ಕೇಳಿದರೆ ಅದು ಕೈಯಾಡಿಸುತ್ತದೆ. Tₛ ಎಂದರೂ T₅ ಎಂದರೂ ಅಲ್ಲಿಗೆ ಹಾಕುವುದು 300 ಕೆಲ್ವಿನ್ನೇ, ಉತ್ತರ 138 ವಾಟೇ. ಇಲ್ಲಿ ಪುಟವನ್ನು ಹುಡುಕಬೇಕು. 5 ಆಗಿದ್ದರೆ T₁, T₂, T₃, T₄ ಎಲ್ಲಾದರೂ ಇರಬೇಕಿತ್ತು, ಪುಟದಲ್ಲಿ ಇರುವುದು ಎರಡೇ ತಾಪ. 0 ಆಗಿದ್ದರೆ ಅದು ಆರಂಭದ ತಾಪವೋ ಮೂಲತಾಪವೋ ಎಂಬ ಮಾತು ಇರಬೇಕಿತ್ತು. ಪ್ರಶ್ನೆಯಲ್ಲಿ ‘ಸುತ್ತಲಿನ ತಾಪ’ ಎಂದಿದೆ, ಇಂಗ್ಲಿಷಿನಲ್ಲಿ ಸುತ್ತಲಿನದಕ್ಕೆ ಮೊದಲ ಅಕ್ಷರ s, ಹಾಗಾಗಿ s ಎಂದು ಓದುವುದು ಹೆಚ್ಚು ಸರಿ. ಹೆಚ್ಚು ಸರಿ ಎಂದೆನೇ ಹೊರತು ಖಚಿತ ಎನ್ನಲಿಲ್ಲ. ಘಾತಾಂಕಗಳ ವಿಷಯದಲ್ಲಿ ಸಿಕ್ಕ ಖಾತ್ರಿ ಇಲ್ಲಿ ಸಿಗುವುದಿಲ್ಲ. ಸಫಿಕ್ಸಿನ ತಪ್ಪು ಆ ಪುಟದಲ್ಲಿ ಯಾರಿಗೂ ನೋವು ಕೊಡದೆ ಕುಳಿತು, ಹತ್ತು ಪುಟ ಆಚೆ ನಿಜವಾದ T₅ ಬಂದಾಗ ಕಾಟ ಕೊಡುತ್ತದೆ.

ಸುತ್ತಲಿನದನ್ನು ನೋಡಿ ಓದುವುದು ಮತ್ತು ಅಭ್ಯಾಸಬಲದಿಂದ ಓದುವುದು ಹೊರನೋಟಕ್ಕೆ ಒಂದೇ ಥರ. ಆದರೆ ಎರಡನೆಯದು ಅಪಾಯ. ವಿದ್ಯುತ್ ಅಧ್ಯಾಯದಲ್ಲಿ ಕೂಲಂಬ್ ನಿಯಮ ಬಾಯಿಪಾಠ ಮಾಡಿದವರ ಕಣ್ಣು r ಕಂಡಲ್ಲೆಲ್ಲ ಅದರ ತಲೆಗೆ 2 ಅಂಟಿಸುತ್ತದೆ. ಮುಂದೆ ವಿದ್ಯುತ್ ದ್ವಿಧ್ರುವದ ಅಕ್ಷದ ಮೇಲಿನ ಕ್ಷೇತ್ರಕ್ಕೆ ಸೂತ್ರ ಬರುತ್ತದೆ:

E = (1/4πε₀) · (2p/r³)

ಮಸುಕಾದ ಫೋಟೋದಲ್ಲಿ ಇದನ್ನು r² ಎಂದೇ ಓದುವವರು ಕಡಿಮೆಯಿಲ್ಲ. ತಡೆಯುವುದು ಮೇಲಿರುವ p. ಕೂಲಂಬ್ ನಿಯಮದಲ್ಲಿ ಆ ಜಾಗದಲ್ಲಿರುವುದು ಬರೀ ಆವೇಶ, ಇಲ್ಲಿರುವುದು ಆವೇಶ ಗುಣಿಸು ದೂರ. ಮೇಲೆ ಒಂದು ಮೀಟರ್ ಹೆಚ್ಚಾಯಿತೆಂದರೆ ಕೆಳಗೂ ಒಂದು ಮೀಟರ್ ಹೆಚ್ಚಾಗಬೇಕು, ಇಲ್ಲದಿದ್ದರೆ ವಿದ್ಯುತ್ ಕ್ಷೇತ್ರದ ಏಕಮಾನವೇ ಬರುವುದಿಲ್ಲ. ಹಾಗಾಗಿ 3.

ಏಕಮಾನವೇ ಇಲ್ಲದ ಶುದ್ಧ ಗಣಿತದಲ್ಲೂ ದೊಡ್ಡ ಅಂಕಿಗಳು ಸಣ್ಣ ಅಂಕಿಗಳನ್ನು ಬಿಟ್ಟುಕೊಡುತ್ತವೆ. 1 + 1/16 + 1/81 + … ಎಂಬ ಅನಂತ ಮೊತ್ತ ಇದೆ, ಬಲಗಡೆ π ತಲೆಯ ಮೇಲೆ ಏನೋ ಇದೆ, ಅಡಿಯಲ್ಲಿ 90 ಇದೆ. 16 ಎಂದರೆ ಎರಡರ ನಾಲ್ಕನೆಯ ಘಾತ, 81 ಎಂದರೆ ಮೂರರದ್ದು. ಇದು ಆಯ್ಲರ್ ಕಂಡುಹಿಡಿದ ಮೊತ್ತ, ಬೆಲೆ π⁴/90, ಸುಮಾರು 1.082. ಕಲೆಯನ್ನು 2 ಎಂದು ಓದಿದರೆ π²/90 ಆಗಿ ಸುಮಾರು 0.11 ಬರುತ್ತದೆ. ಮೊದಲ ಪದವೇ ಒಂದು ಇರುವಾಗ ಮೊತ್ತ ಅದಕ್ಕಿಂತ ಕಡಿಮೆಯಾಗುವುದು ಹೇಗೆ?

ಇಲ್ಲಿಯವರೆಗೆ ಹೇಳಿದ್ದೆಲ್ಲ ಮಸುಕಿನ ಮಾತು. ಮಸುಕಾದರೆ ಕನಿಷ್ಠ ಅನುಮಾನವಾದರೂ ಬರುತ್ತದೆ. ಅಚ್ಚುಕಟ್ಟಾಗಿ ಕಾಣುವ ತಪ್ಪು ಅದಕ್ಕಿಂತ ಕೆಟ್ಟದ್ದು. 2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಒಂದು ಕಟ್ಟಡದ ನಕ್ಷೆಯನ್ನು ಜೆರಾಕ್ಸ್ ವರ್ಕ್‌ಸೆಂಟರ್ ಯಂತ್ರದಲ್ಲಿ ಸ್ಕ್ಯಾನ್ ಮಾಡಿದ ಪ್ರಕರಣ ಪ್ರಸಿದ್ಧ. ನಕ್ಷೆಯಲ್ಲಿ ಮೂರು ಕೋಣೆಗಳ ವಿಸ್ತೀರ್ಣ 14.13, 21.11 ಮತ್ತು 17.42 ಚದರ ಮೀಟರ್ ಎಂದಿತ್ತು. ಹೊರಬಂದ ಪ್ರತಿಯಲ್ಲಿ ಮೂರಕ್ಕೂ 14.13. ಎಲ್ಲೂ ಕಲೆಯಿಲ್ಲ, ಮಸುಕಿಲ್ಲ. ಜೆಬಿಗ್2 ಎಂಬ ಅಡಕಿಸುವ ವಿಧಾನ ಒಂದೇ ಥರ ಕಾಣುವ ಸಣ್ಣ ತುಣುಕುಗಳನ್ನು ಒಂದೇ ಎಂದು ಎಣಿಸಿ, ಒಂದರ ಚಿತ್ರವನ್ನೇ ಎಲ್ಲ ಕಡೆ ಅಂಟಿಸಿತ್ತು. ಬೇರೆ ಕಾಗದಗಳಲ್ಲಿ ಸಣ್ಣ 6ಗಳು 8 ಆಗಿದ್ದೂ ಹೊರಬಂತು. ಆ ನಕ್ಷೆಯ ತಪ್ಪನ್ನು ಬಯಲು ಮಾಡಿದ್ದು ಅಂಕಿಯ ಆಕಾರವಲ್ಲ, ಸುತ್ತಲಿನ ಚಿತ್ರ. ಕಣ್ಣಿಗೆ ದೊಡ್ಡದಾಗಿ ಕಾಣುವ ಕೋಣೆಗೂ ಚಿಕ್ಕ ಕೋಣೆಗೂ ಒಂದೇ ವಿಸ್ತೀರ್ಣ ಇರಲು ಸಾಧ್ಯವಿರಲಿಲ್ಲ.

ಸುತ್ತಲಿನ ಸಾಕ್ಷಿ ಕೈಕೊಡುವ ಜಾಗಗಳೂ ಇವೆ. ಸೂತ್ರ ಮಾತ್ರ ಇದ್ದು ಬಿಡಿಸಿದ ಲೆಕ್ಕ, ಏಕಮಾನ, ಉತ್ತರ ಯಾವುದೂ ಚೌಕಟ್ಟಿನೊಳಗೆ ಇಲ್ಲದಿದ್ದರೆ ಏನನ್ನು ಕೇಳುವುದು? ಫೋಟೋ ತೆಗೆಯುವವರು ಬೇಕಾದ ಒಂದೇ ಸಾಲನ್ನು ಕತ್ತರಿಸಿ ಕಳಿಸುವುದು ಉಪಕಾರವಲ್ಲ, ಅಪಕಾರ. xᵢ ಮತ್ತು x₁ ನಡುವಿನ ಸಂದೇಹ ಬಹಳ ಸಲ ಬಗೆಹರಿಯುವುದೇ ಇಲ್ಲ, ಪಕ್ಕದಲ್ಲಿ ಮೊತ್ತದ ಚಿಹ್ನೆಯಿದ್ದು ಅದರ ಅಡಿಯಲ್ಲಿ i = 1 ಎಂದು ಕಂಡರೆ ಮಾತ್ರ ಬಗೆಹರಿಯುತ್ತದೆ. ಮೂಲದಲ್ಲೇ ತಪ್ಪಿದ್ದರಂತೂ ಸುತ್ತಲಿನದಕ್ಕೆ ಹೊಂದಿಸಿ ಓದುವವರು ಆ ತಪ್ಪನ್ನು ಕಾಣದೆಯೇ ತಿದ್ದಿಬಿಡುತ್ತಾರೆ, ಬರೆದವರಿಗೆ ಅದು ತಿಳಿಯುವುದೇ ಇಲ್ಲ.

ಆದ್ದರಿಂದ ಫೋಟೋ ತೆಗೆಯುವವರಲ್ಲಿ ಕೋರಿಕೆ ಇಷ್ಟು: ಪುಟವನ್ನು ಎರಡು ಭಾಗ ಮಾಡಿ ಹತ್ತಿರದಿಂದ, ನೇರ ಮೇಲಿನಿಂದ ತೆಗೆಯಿರಿ. ಕಪ್ಪು-ಬಿಳುಪು ಫಿಲ್ಟರ್ ಬೇಡ. ಕಳಿಸುವಾಗ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಚುಕ್ಕಿಗಳು ಉಳಿಯುತ್ತವೆ. ಬೋರ್ಡಿನ ಮೇಲೆ ಬರೆಯುವ ಮೇಷ್ಟ್ರು ಮೈನಸ್ ಗೀಟನ್ನು ಒಂದಿಷ್ಟು ಉದ್ದ ಎಳೆದರೆ, ಏಕಮಾನ ಬರೆಯದೆ ಬಿಡದಿದ್ದರೆ ಪುಣ್ಯ ಬರುತ್ತದೆ. ಇನ್ನು ನಕಲು ಮಾಡಿಕೊಳ್ಳುವವರು, ಸುತ್ತಲಿನದನ್ನೆಲ್ಲ ವಿಚಾರಿಸಿಯೂ ಒಂದು ಚಿಹ್ನೆ ತೀರ್ಮಾನವಾಗದಿದ್ದರೆ ಅಂದಾಜಿನ ಅಂಕಿ ತುಂಬಬೇಡಿ. ಆ ಜಾಗದಲ್ಲಿ ಪ್ರಶ್ನೆ ಚಿಹ್ನೆ ಹಾಕಿ, ಆ ಸಾಲಿನ ಇನ್ನೊಂದು ಫೋಟೋ ಕೇಳಿ ತರಿಸಿಕೊಳ್ಳಿ.